ಮನೆಮದ್ದಿನ ಹಳ್ಳಿದಾಖಲೆ: ಶಿಕಾರಿಪುರ–ಸೊರಬ ಪರಿಸರದ ಒಂದು ನಮೂದಿನ ವಿವೇಚನೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ಕ್ರಿ.ಶ. 1162ರ ಶಾಸನವು, ಅದು ವಿದ್ಯಾಭ್ಯಾಸದ ಹಾಗೂ ಅನ್ನದಾನದ ನೆಲೆಯಾಗಿದ್ದುದರ ಜೊತೆಗೆ ನಾನಾ ರೋಗಿಗಳಿಗೆ ಔಷಧೋಪಚಾರ ದೊರೆಯುವ ಸ್ಥಳವಾಗಿತ್ತೆಂದು ಹೇಳುತ್ತದೆ. ಮಠದಲ್ಲಿ ಕೊಡುತ್ತಿದ್ದ ಮದ್ದು ಯಾವುದು, ಯಾವ ಗಿಡದ್ದು, ಎಷ್ಟು ಪ್ರಮಾಣದ್ದು ಎಂಬುದನ್ನು ಶಾಸನ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಅದಕ್ಕಿರಲಿಲ್ಲ. ಇಂದು ಅದೇ ಪರಿಸರದ ಹಳ್ಳಿಗಳಲ್ಲಿ ಹಿರಿಯರ ಮನೆಮದ್ದುಗಳನ್ನು ಪುಸ್ತಕದಲ್ಲಿ ಬರೆದಿಡುವ ಕೆಲಸಕ್ಕೆ ಮಾತ್ರ ಈ ಮೂರೂ ಪ್ರಶ್ನೆಗಳು ಅನಿವಾರ್ಯವಾಗಿವೆ. ಮದ್ದಿನ ಹೆಸರನ್ನೂ ರೋಗದ ಹೆಸರನ್ನೂ ಎದುರುಬದುರಾಗಿ ಬರೆದ ಪಟ್ಟಿ ಓದುಗನಿಗೆ ಹೆಚ್ಚೇನನ್ನೂ ತಿಳಿಸದು. ಕೆಲವೊಮ್ಮೆ ಅದು ಅಪಾಯಕ್ಕೂ ದಾರಿಯಾಗುತ್ತದೆ.

ಹಳ್ಳಿಯ ಪುಸ್ತಕವೆಂಬುದಕ್ಕೆ ಈಗ ಶಾಸನಬದ್ಧ ರೂಪವೊಂದಿದೆ. ಮಾಧವ ಗಾಡ್ಗೀಳ್ ಹಾಗೂ ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ರೂಪಿಸಿದ ಜನತಾ ಜೀವವೈವಿಧ್ಯ ದಾಖಲಾತಿಯ ಕಲ್ಪನೆಯು 2002ರ ಜೈವಿಕ ವೈವಿಧ್ಯ ಕಾಯ್ದೆಯ ಮೂಲಕ ಸ್ಥಳೀಯ ಸಂಸ್ಥೆಗಳ ಹೊಣೆಯಾಯಿತು. ಕಾಯ್ದೆಯ 41ನೆಯ ಕಲಮು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸುವಂತೆ ವಿಧಿಸಿದರೆ, 2004ರ ನಿಯಮಗಳು ಜನತಾ ದಾಖಲಾತಿಯನ್ನು ಸಿದ್ಧಪಡಿಸುವುದೇ ಆ ಸಮಿತಿಯ ಮುಖ್ಯ ಕಾರ್ಯವೆಂದು ಹೇಳಿದವು. ಆದರೆ ನಮೂನೆಯ ಅಂಕಣಗಳನ್ನು ತುಂಬುವುದು ಬೇರೆ, ಹಿರಿಯರ ಮಾತನ್ನು ಹಿಡಿಯುವುದು ಬೇರೆ. ಅಂಕಣದಲ್ಲಿ ‘ನೆಲನೆಲ್ಲಿ – ಕಾಮಾಲೆ’ ಎಂದಷ್ಟೇ ಬರೆದರೆ ನಮೂನೆ ತುಂಬುತ್ತದೆ, ಮದ್ದು ದಾಖಲಾಗುವುದಿಲ್ಲ. ಈ ಲೇಖನವು ಆ ಒಂದೇ ನಮೂದನ್ನು ಎತ್ತಿಕೊಂಡು, ಅದನ್ನು ಸರಿಯಾಗಿ ಬರೆಯಬೇಕಾದರೆ ಏನೇನನ್ನು ಕೇಳಬೇಕು, ಎಲ್ಲಿ ಎಡವುವ ಸಾಧ್ಯತೆಯಿದೆ ಎಂಬುದನ್ನು ಪರಿಶೀಲಿಸುತ್ತದೆ.

ಹೆಸರು ಮತ್ತು ಗಿಡ

ಸೊರಬದ ಪಶ್ಚಿಮ ಭಾಗ ಕಾನುಗಳ ನಾಡು. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅರಣ್ಯಾಧಿಕಾರಿಗಳು 1868ರಷ್ಟು ಹಿಂದೆಯೇ ಈ ಕಾನುಗಳನ್ನು ಕುರಿತು ಪ್ರತ್ಯೇಕ ಟಿಪ್ಪಣಿಯನ್ನು ಸಿದ್ಧಪಡಿಸಿದ್ದರು. ಪೂರ್ವಕ್ಕೆ ಶಿಕಾರಿಪುರದತ್ತ ಬಂದಂತೆ ಮಳೆ ಇಳಿಯುತ್ತದೆ. ಕಾನು ಮರೆಯಾಗಿ ಭತ್ತ ಮತ್ತು ಮೆಕ್ಕೆಜೋಳದ ಅರೆಮಲೆನಾಡು ತೊಡಗುತ್ತದೆ. ಮಾತೂ ಹಾಗೆಯೇ ಬದಲಾಗುತ್ತದೆ. ಒಂದೆಡೆ ‘ಕಾಮಾಲೆ’ ಎನ್ನುವ ರೋಗಕ್ಕೆ ಹಾವೇರಿಯ ಗಡಿಗೆ ಹತ್ತಿರವಾದಂತೆ ‘ಕಾಮಣಿ’ ಎಂಬ ರೂಪ ಕಿವಿಗೆ ಬೀಳುತ್ತದೆ. ದೀವರ ಮನೆ, ಹವ್ಯಕರ ಮನೆ, ಲಂಬಾಣಿ ತಾಂಡಾ ಇವುಗಳಲ್ಲಿ ಒಂದೇ ಗಿಡಕ್ಕೆ ಒಂದೇ ಹೆಸರಿರಬೇಕೆಂಬ ನಿಯಮವಿಲ್ಲ. ಹೀಗಾಗಿ ಮೊದಲ ಅಂಕಣದಲ್ಲಿ ಬರೆಯಬೇಕಾದುದು ‘ಶಿಷ್ಟ’ ಹೆಸರನ್ನಲ್ಲ, ಹೇಳಿದವರು ಉಚ್ಚರಿಸಿದ ಹೆಸರನ್ನು. ಅದನ್ನು ತಿದ್ದಿ ಬರೆದರೆ ಮುಂದೆ ಆ ಗಿಡವನ್ನು ಮತ್ತೆ ಹುಡುಕಿಕೊಂಡು ಹೋಗುವ ದಾರಿಯೇ ಅಳಿಸಿಹೋಗುತ್ತದೆ.

ನೆಲನೆಲ್ಲಿ, ಕಿರುನೆಲ್ಲಿ ಎಂಬ ಹೆಸರುಗಳು ಒಂದು ಗಿಡದವಲ್ಲ, ಒಂದು ಗುಂಪಿನವು ಎಂಬುದು ಇಲ್ಲಿ ಮುಖ್ಯ. ಸಸ್ಯಶಾಸ್ತ್ರದಲ್ಲಿ ಫಿಲ್ಲಾಂಥಸ್ ಅಮಾರಸ್ ಎನಿಸಿದ ಗಿಡವೇ ಸಾಮಾನ್ಯವಾಗಿ ಕಾಮಾಲೆಯ ನೆಲನೆಲ್ಲಿಯೆಂದು ಗ್ರಂಥಗಳಲ್ಲಿ ಕಾಣಿಸುವುದಾದರೂ, ಅದೇ ಗದ್ದೆಯ ಬದುವಿನಲ್ಲಿ ಅದರ ಮೂರು ನಾಲ್ಕು ಜ್ಞಾತಿಗಳು ಒಟ್ಟಿಗೆ ಬೆಳೆಯಬಲ್ಲವು. ಇವುಗಳನ್ನು ಬೇರ್ಪಡಿಸುವುದು ಎಲೆಯಿಂದ ಕಷ್ಟ, ಕಾಯಿಯಿಂದ ಸುಲಭ. ಅಮಾರಸ್ ಗಿಡದ ಕಾಂಡ ಹಸಿರು. ಎಲೆಗಳು ಮುಖ್ಯ ಕಾಂಡದಲ್ಲಿರದೆ ಪಕ್ಕದ ಕಡ್ಡಿಗಳಲ್ಲಿ ಮಾತ್ರ ಎರಡು ಸಾಲಾಗಿರುತ್ತವೆ. ನಯವಾದ ಪುಟ್ಟ ಕಾಯಿಗಳು ಗಿಡ್ಡ ತೊಟ್ಟಿನಿಂದ ಕಡ್ಡಿಯ ಕೆಳಬದಿಗೆ ತೂಗುತ್ತವೆ. ಫಿಲ್ಲಾಂಥಸ್ ಯುರಿನೇರಿಯಾದ ಕಾಂಡಕ್ಕೆ ಕೆಂಪು ಛಾಯೆಯಿದ್ದು, ಒರಟು ಮೈಯ ಕಾಯಿಗಳು ತೊಟ್ಟೇ ಇಲ್ಲವೆನ್ನುವಂತೆ ಕಡ್ಡಿಗೆ ಅಂಟಿಕೊಂಡಿರುತ್ತವೆ. ಬೀಜವನ್ನು ಕೈಮಸೂರದಲ್ಲಿ ನೋಡಿದರೆ ಸಂಶಯ ಪೂರ್ತಿ ಪರಿಹಾರವಾಗುತ್ತದೆ: ಮೊದಲನೆಯದರ ಬೀಜದ ಮೇಲೆ ಉದ್ದುದ್ದ ಗೆರೆಗಳು, ಎರಡನೆಯದರ ಮೇಲೆ ಅಡ್ಡ ಗೆರೆಗಳು. ಒಣನೆಲದ ಫಿಲ್ಲಾಂಥಸ್ ಮದರಾಸ್ಪಟೆನ್ಸಿಸ್‌ನಲ್ಲಿ ಎಲೆ ಬುಡಕ್ಕೆ ಕಿರಿದಾಗಿ ತುದಿಗೆ ಅಗಲವಾಗುವುದಲ್ಲದೆ ಮುಖ್ಯ ಕಾಂಡದಲ್ಲಿಯೂ ಎಲೆಗಳಿರುತ್ತವೆ. ಇಷ್ಟನ್ನು ತಿಳಿದ ದಾಖಲೆಕಾರ ಕಾಯಿಯಿಲ್ಲದ ಗಿಡವನ್ನು ನೋಡಿ ಹೆಸರು ನಿರ್ಧರಿಸುವ ಆತುರ ತೋರಲಾರ.

ಈ ಎಚ್ಚರ ಪಾಂಡಿತ್ಯ ಪ್ರದರ್ಶನವಲ್ಲ. ದಕ್ಷಿಣ ಭಾರತದ 25 ಗ್ರಂಥಿಗೆ ಅಂಗಡಿಗಳಿಂದ ನೆಲನೆಲ್ಲಿಯೆಂದು ಮಾರುವ ಒಣಗಿದ ಸರಕನ್ನು ಸಂಗ್ರಹಿಸಿ ಪರೀಕ್ಷಿಸಿದ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ. 76ರಷ್ಟು ಮಾದರಿಗಳಲ್ಲಿ ಅಮಾರಸ್ ಪ್ರಧಾನವಾಗಿದ್ದರೆ, ಉಳಿದ ಶೇ. 24ರಲ್ಲಿ ಅದೇ ಕುಲದ ಬೇರೆ ಐದು ಜಾತಿಗಳು ಕಂಡುಬಂದವು. ನೆಲನೆಲ್ಲಿ ಮಳೆಗಾಲದ ಗಿಡವಾದ್ದರಿಂದ ಬೇಸಿಗೆಯಲ್ಲಿ ಕಾಮಾಲೆ ಬಂದರೆ ಹಳ್ಳಿಯವರೂ ಅಂಗಡಿಯ ಒಣಸರಕನ್ನೇ ನೆಚ್ಚಬೇಕಾಗುತ್ತದೆ. ಆಗ ಅಜ್ಜಿ ಹೇಳಿದ ಗಿಡ ಒಂದು, ಮನೆಯವರು ಕೊಂಡ ಗಿಡ ಇನ್ನೊಂದು ಆಗುವುದು ಅಸಂಭವವಲ್ಲ. ಇನ್ನು ಅವಸರದ ಬರವಣಿಗೆಯಲ್ಲಿ ‘ನೆಲನೆಲ್ಲಿ’ಯು ‘ನೆಲಬೇವು’ ಆಗಿ ತಿರುಗುವುದೂ ಉಂಟು. ಎರಡನ್ನೂ ಕಾಮಾಲೆಗೆ ಹೇಳುವುದರಿಂದ ಓದಿದವರಿಗೆ ತಪ್ಪು ಹೊಳೆಯುವುದಿಲ್ಲ. ಗುಣದಲ್ಲಿಯೂ ಕುಟುಂಬದಲ್ಲಿಯೂ ಅವು ಪೂರ್ಣ ಬೇರೆ ಸಸ್ಯಗಳು.

ಆದುದರಿಂದ ಗಿಡದ ಗುರುತು ಬಾಯಿಮಾತಿನಲ್ಲಿ ನಿಲ್ಲದೆ ಮಾದರಿಯೊಂದಿಗೆ ಸೇರಬೇಕು. ಹೇಳಿದವರೊಡನೆಯೇ ಹೋಗಿ, ಅವರೇ ತೋರಿಸಿದ ಗಿಡವನ್ನು ಬೇರುಸಹಿತ, ಕಾಯಿಸಹಿತ ಕಿತ್ತು, ಹಳೆಯ ವೃತ್ತಪತ್ರಿಕೆಗಳ ನಡುವೆ ಹರಡಿ ಭಾರವಿಡಬೇಕು. ಮಲೆನಾಡಿನ ಮಳೆಗಾಲದಲ್ಲಿ ಕಾಗದವನ್ನು ದಿನಕ್ಕೊಮ್ಮೆಯಾದರೂ ಬದಲಿಸದಿದ್ದರೆ ಮೂರೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನೆಲನೆಲ್ಲಿಯ ಪುಟ್ಟ ಎಲೆಗಳು ಒಣಗಿದಾಗ ಉದುರುವ ಸ್ವಭಾವದವಾದ್ದರಿಂದ, ಉದುರಿದ ಎಲೆ ಬೀಜಗಳನ್ನು ಚಿಕ್ಕ ಕಾಗದದ ಲಕೋಟೆಯಲ್ಲಿ ಹಾಕಿ ಅದೇ ಹಾಳೆಗೆ ಅಂಟಿಸುವುದು ಒಳ್ಳೆಯದು. ಹಾಳೆಗೂ ಪುಸ್ತಕದ ನಮೂದಿಗೂ ಒಂದೇ ಸಂಖ್ಯೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಂಥ ಕಡೆ ಸಸ್ಯಶಾಸ್ತ್ರಜ್ಞರು ಆ ಹಾಳೆಯನ್ನು ನೋಡಿ ಹೆಸರು ಹೇಳುವವರೆಗೆ ಶಾಸ್ತ್ರೀಯ ನಾಮದ ಅಂಕಣವನ್ನು ಖಾಲಿ ಬಿಡುವುದೇ ಸರಿಯಾದ ಕ್ರಮ. ಖಾಲಿ ಅಂಕಣ ಯಾರನ್ನೂ ದಾರಿ ತಪ್ಪಿಸುವುದಿಲ್ಲ.

ಭಾಗ, ಕ್ರಿಯಾಪದ, ಅಳತೆ

ನೆಲನೆಲ್ಲಿಯ ಬಳಕೆಯನ್ನು ಕುರಿತು ಹಿರಿಯರೊಬ್ಬರು ಹೇಳಬಹುದಾದ ಮಾತನ್ನು ಮಾದರಿಯಾಗಿ ಇಟ್ಟುಕೊಳ್ಳೋಣ: ‘ನೆಲನೆಲ್ಲಿ ಸಮೂಲ ಕಿತ್ತು ತೊಳ್ದು, ನುಣ್ಣಗೆ ಅರ್ದು, ಅಡಿಕೆಯಷ್ಟು ಮಜ್ಜಿಗೆಗೆ ಕದಡಿ ಬರೀ ಹೊಟ್ಟೆಗೆ ಮೂರು ದಿನ ಕೊಡೋದು. ಪಥ್ಯ ಮಾಡ್ಬೇಕು.’ ಮಾತು ಸಂಪೂರ್ಣವಾಗಿಯೇ ಇದೆ. ಬಾಲ್ಯದಿಂದ ನೋಡಿದವರಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಪುಸ್ತಕ ಓದಿ ಮಾಡುವವರಿಗೆ ಮಾತ್ರ ಇದರಲ್ಲಿ ಕನಿಷ್ಠ ನಾಲ್ಕು ಕಡೆ ಅಸ್ಪಷ್ಟತೆಯಿದೆ.

‘ಸಮೂಲ’ವೆಂದರೆ ಬೇರುಸಹಿತ ಇಡೀ ಗಿಡ. ಆದರೆ ಬಾಯಿಮಾತಿನಲ್ಲಿ ‘ನೆಲನೆಲ್ಲಿ ಸೊಪ್ಪು’ ಎಂದಾಗ ಬೇರು ಸೇರಿದೆಯೇ ಎಂದು ಕೇಳಿಯೇ ತಿಳಿಯಬೇಕು. ‘ಅಡಿಕೆಯಷ್ಟು’ ಎಂಬಲ್ಲಿ ಸುಲಿದ ಅಡಿಕೆಯೋ ಸಿಪ್ಪೆಯೊಡನಿರುವ ಹಣ್ಣಡಿಕೆಯೋ? ಇವೆರಡರ ಗಾತ್ರದ ಅಂತರ ಹಲವು ಪಟ್ಟು. ಅಡಿಕೆ ತೋಟದ ಊರಿನಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ನಗುವವರಿದ್ದಾರೆ, ಆದರೂ ಕೇಳಬೇಕು. ಕೇಳುವುದಕ್ಕಿಂತ ಉತ್ತಮ ಮಾರ್ಗವೆಂದರೆ ಅವರೇ ಅರೆದು ಉಂಡೆ ಮಾಡಿ ತೋರಿಸುವಂತೆ ವಿನಂತಿಸಿ, ಚಿಕ್ಕ ತಕ್ಕಡಿಯಲ್ಲಿ ತೂಗುವುದು. ಒಂದೇ ಸಲ ತೂಗಿದರೆ ಸಾಲದು. ಮೂರು ಬಾರಿ ಉಂಡೆ ಮಾಡಿಸಿ, ಅತಿ ಕಡಿಮೆ ಮತ್ತು ಅತಿ ಹೆಚ್ಚು ತೂಕ ಎರಡನ್ನೂ ಬರೆಯಬೇಕು. ಸರಾಸರಿ ತೆಗೆದು ಒಂದೇ ಅಂಕಿಯನ್ನು ನಮೂದಿಸಿದರೆ ಹೇಳಿದವರ ಕೈಯಳತೆಯಲ್ಲಿಲ್ಲದ ನಿಖರತೆಯನ್ನು ಪುಸ್ತಕ ಆರೋಪಿಸಿದಂತಾಗುತ್ತದೆ. ಹಿಡಿ, ಬೊಗಸೆ, ಚಿಟಿಕೆ, ಪಾವು, ಒಳಲೆ ಮುಂತಾದ ಅಳತೆಗಳಿಗೂ ಇದೇ ಕ್ರಮ. ಮೂಲ ಪದ ಮೊದಲು, ಗ್ರಾಂ ಅಥವಾ ಮಿಲಿಲೀಟರು ಅನಂತರ.

ಕ್ರಿಯಾಪದಗಳ ವಿಷಯದಲ್ಲಿ ಕನ್ನಡದ ವಿದ್ಯಾರ್ಥಿಗೆ ವಿಶೇಷ ಹೊಣೆಯಿದೆ. ಜಜ್ಜುವುದು, ಅರೆಯುವುದು, ತೇಯುವುದು, ಹಿಂಡುವುದು, ಕುದಿಸುವುದು, ಬತ್ತಿಸುವುದು ಇವು ಅಡುಗೆಮನೆಯ ಬೇರೆ ಬೇರೆ ಕೆಲಸಗಳು ಮಾತ್ರವಲ್ಲ, ಔಷಧದ ಬೇರೆ ಬೇರೆ ಪ್ರಮಾಣಗಳು ಕೂಡ. ಇದಕ್ಕೆ ಬಜೆ ಒಳ್ಳೆಯ ಉದಾಹರಣೆ. ಎಳೆಮಕ್ಕಳಿಗೆ ಬಜೆಯ ಬೇರನ್ನು ಸಾಣೆಕಲ್ಲಿನ ಮೇಲೆ ತಾಯಿಹಾಲಿನಲ್ಲಿ ಒಂದೆರಡು ಸುತ್ತು ತೇಯ್ದು ನಾಲಗೆಗೆ ಸವರುವ ರೂಢಿ ಕರ್ನಾಟಕದಲ್ಲಿ ವ್ಯಾಪಕವಾಗಿತ್ತು. ಒಂದೆರಡು ಸುತ್ತಿನಲ್ಲಿ ಕಲ್ಲಿಗೆ ಹತ್ತುವುದು ಕಣ್ಣಿಗೆ ಕಾಣದಷ್ಟು. ಇದನ್ನೇ ಬರೆಯುವವರು ‘ಬಜೆ ಪುಡಿಯನ್ನು ಹಾಲಿನಲ್ಲಿ ಕೊಡುವುದು’ ಎಂದು ಸಂಗ್ರಹಿಸಿದರೆ, ಓದಿದ ತಾಯಿ ಚಿಟಿಕೆ ಪುಡಿಯನ್ನು ಹಾಕಿಯಾಳು. ಪ್ರಮಾಣ ಎಷ್ಟೋ ಪಟ್ಟು ಏರಿತು. ಬಜೆಯಲ್ಲಿರುವ ಬೀಟಾ ಅಸರೋನ್ ಎಂಬ ಅಂಶ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಯಾನ್ಸರ್‌ಕಾರಕವೆಂದು ಕಂಡುಬಂದು, ಅಮೆರಿಕ 1968ರಲ್ಲಿ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು. ಹೆಚ್ಚು ಸೇವಿಸಿದವರಿಗೆ ತೀವ್ರ ವಾಂತಿಯಾಗುವುದೂ ತಿಳಿದ ಸಂಗತಿ. ತೇಯ್ದರೂ ಎಳೆಗೂಸಿಗೆ ಅದು ನಿರಪಾಯವೆಂದು ಹೇಳುವ ಆಧಾರವಿಲ್ಲ. ‘ತೇಯ್ದು’ ಎಂಬುದನ್ನು ‘ಪುಡಿ’ ಎಂದು ಬದಲಿಸಿದ ಲೇಖನಿಯಂತೂ ಅಪಾಯವನ್ನು ತಾನಾಗಿಯೇ ಹೆಚ್ಚಿಸಿತು. ಜನಪದ ವೈದ್ಯದ ಸಂಗ್ರಹಗಳನ್ನು ‘ಶುದ್ಧ’ ಬರಹಕ್ಕೆ ಇಳಿಸುವ ಉತ್ಸಾಹದಲ್ಲಿ ಇಂಥ ಬದಲಾವಣೆ ಎಷ್ಟಾಗಿದೆಯೋ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಗಿಡವನ್ನು ಎಲ್ಲಿಂದ ಕಿತ್ತರು ಎಂಬುದನ್ನೂ ಈ ಅಂಕಣದಲ್ಲಿಯೇ ಬರೆಯುವುದು ಈಗ ಅಗತ್ಯವಾಗಿದೆ. ಹಿರಿಯರ ಕಾಲದಲ್ಲಿ ನೆಲನೆಲ್ಲಿ ಹೊಲದ ಕಳೆಯಾಗಿತ್ತು, ಕೈಯಿಂದ ಕೀಳುವ ಕಳೆ. ಇಂದು ಮೆಕ್ಕೆಜೋಳದ ಹೊಲಕ್ಕೂ ಅಡಿಕೆ ತೋಟಕ್ಕೂ ಕಳೆನಾಶಕ ಸಿಂಪಡಿಸುವುದು ಸಾಮಾನ್ಯ. ಸಿಂಪಡಿಸಿದ ಒಂದೆರಡು ದಿನ ಗಿಡ ಹಸಿರಾಗಿಯೇ ಕಾಣಬಹುದಾದ್ದರಿಂದ ಕಣ್ಣಿನಿಂದ ನೋಡಿ ನಿರ್ಧರಿಸುವಂತಿಲ್ಲ, ಜಮೀನಿನವರನ್ನು ಕೇಳಬೇಕು.

ಕಾಮಾಲೆ ಎಂಬ ಹೆಸರು, ಗುಣವಾಯಿತು ಎಂಬ ಮಾತು

ಗಿಡದ ಹೆಸರಿನಂತೆಯೇ ರೋಗದ ಹೆಸರೂ ಒಂದು ಗುಂಪಿನ ಹೆಸರು. ಕಣ್ಣು, ಉಗುರು, ಮೂತ್ರ ಹಳದಿಯಾಗುವುದು ಲಕ್ಷಣವೇ ಹೊರತು ಒಂದೇ ರೋಗವಲ್ಲ. ಕಲುಷಿತ ನೀರು ಆಹಾರಗಳಿಂದ ಹರಡುವ ಎ ಮತ್ತು ಇ ಬಗೆಯ ಯಕೃತ್ತಿನ ಉರಿಯೂತ, ರಕ್ತದಿಂದ ಹರಡುವ ಬಿ ಬಗೆ, ಪಿತ್ತನಾಳದ ಕಲ್ಲು, ಮದ್ಯಪಾನದ ಹಾನಿ, ಗದ್ದೆಯ ಕೆಸರಿನಿಂದ ತಗಲುವ ಇಲಿಜ್ವರ ಇವೆಲ್ಲವೂ ಕಣ್ಣನ್ನು ಹಳದಿಯಾಗಿಸಬಲ್ಲವು. ಇವುಗಳಲ್ಲಿ ಎ ಬಗೆಯದು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನೆಲನೆಲ್ಲಿ ಕುಡಿದು ಕಾಮಾಲೆ ಹೋಯಿತು ಎಂಬ ಅನುಭವ ಸುಳ್ಳಲ್ಲ. ಆದರೆ ಕುಡಿಯದಿದ್ದರೂ ಹೋಗುತ್ತಿತ್ತೇ ಎಂಬ ಪ್ರಶ್ನೆಗೆ ಆ ಅನುಭವದಲ್ಲಿ ಉತ್ತರವಿಲ್ಲ. ದಾಖಲೆಕಾರನು ‘ಗುಣವಾಗುತ್ತದೆ’ ಎಂದು ತನ್ನ ಮಾತಾಗಿ ಬರೆಯದೆ ‘ಗುಣವಾಗುತ್ತದೆಂದು ಹೇಳುತ್ತಾರೆ’ ಎಂದು ಬರೆಯಬೇಕಾದುದು ಈ ಕಾರಣದಿಂದ. ಅದರಲ್ಲಿ ಅಗೌರವವೇನೂ ಇಲ್ಲ.

ನೆಲನೆಲ್ಲಿಯ ಮೇಲೆ ಆಧುನಿಕ ಪರೀಕ್ಷೆಗಳೂ ನಡೆದಿವೆ. ಮದರಾಸಿನ ಸಂಶೋಧಕರು 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿ ಬಗೆಯ ಸೋಂಕನ್ನು ದೀರ್ಘಕಾಲ ಹೊತ್ತಿದ್ದ 37 ಜನರಿಗೆ ಅಮಾರಸ್ ಗಿಡದ ಪುಡಿಯನ್ನು ಕೊಟ್ಟಾಗ 22 ಜನರ ರಕ್ತದಲ್ಲಿ ಸೋಂಕಿನ ಗುರುತು ಕಾಣದಾಯಿತೆಂದು ವರದಿಯಾಗಿತ್ತು. ಇದು ಲೋಕದ ಗಮನ ಸೆಳೆಯಿತು. ಆದರೆ ಅನಂತರ ಬೇರೆ ಕಡೆ ನಡೆದ ಪ್ರಯೋಗಗಳಲ್ಲಿ ಅದೇ ಫಲಿತಾಂಶ ಮರುಕಳಿಸಲಿಲ್ಲ. 2011ರ ಕಾಕ್ರೇನ್ ಪರಾಮರ್ಶೆಯು ಈ ಕುಲದ ಗಿಡಗಳಿಂದ ದೀರ್ಘಕಾಲದ ಬಿ ಸೋಂಕಿಗೆ ಪ್ರಯೋಜನವಿದೆಯೆನ್ನಲು ಮನವೊಪ್ಪುವ ಆಧಾರವಿಲ್ಲವೆಂದಿತು. ‘ವಿಜ್ಞಾನವೂ ಒಪ್ಪಿದೆ’ ಎಂದು ಮೊದಲನೆಯದನ್ನು ಮಾತ್ರ ಉಲ್ಲೇಖಿಸುವ ಪುಸ್ತಕಗಳು ಕನ್ನಡದಲ್ಲಿ ವಿರಳವೇನಲ್ಲ. ಈ ಎರಡೂ ಹಳ್ಳಿಯ ಕಾಮಾಲೆಯನ್ನು ಕುರಿತವಲ್ಲ ಎಂಬುದನ್ನೂ ಗಮನಿಸಬೇಕು.

ಹೀಗಾಗಿ ನೆಲನೆಲ್ಲಿಯ ಎಚ್ಚರಿಕೆಯ ಅಂಕಣದಲ್ಲಿ ಬರಬೇಕಾದುದು ಗಿಡದ ದೋಷಕ್ಕಿಂತ ಹೆಚ್ಚಾಗಿ ಕಾಯುವುದರ ದೋಷ. ಹುಟ್ಟಿದ ಮಗುವಿನ ಹಳದಿ, ಗರ್ಭಿಣಿಯ ಕಾಮಾಲೆ, ಮಂಪರು ಅಥವಾ ತಡವರಿಸುವ ಮಾತು, ರಕ್ತಸ್ರಾವ, ಬಿಳಿಚಿದ ಮಲ, ಜ್ವರದೊಡನೆ ಹೊಟ್ಟೆನೋವು ಇವುಗಳಲ್ಲಿ ಒಂದು ಕಂಡರೂ ಮೂರು ದಿನದ ಮದ್ದು ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಇ ಬಗೆಯ ಸೋಂಕು ಗರ್ಭಿಣಿಯರಲ್ಲಿ ಮಾರಕವಾಗಬಲ್ಲದು. ಪಥ್ಯವನ್ನೂ ಹಾಗೆಯೇ ವಿವರವಾಗಿ ಬರೆಯಬೇಕು: ಎಣ್ಣೆ, ಖಾರ ಬಿಡುವುದರಿಂದ ತೊಂದರೆಯಿಲ್ಲ, ಉಪ್ಪನ್ನೂ ಊಟವನ್ನೂ ವಾರಗಟ್ಟಲೆ ಬಿಡಿಸಿದರೆ ರೋಗಿ ಸೊರಗುತ್ತಾನೆ. ಎಷ್ಟು ದಿನ, ಏನನ್ನು ಬಿಡಬೇಕು ಎಂಬುದು ಪ್ರತ್ಯೇಕ ಪ್ರಶ್ನೆಯಾಗಿರಬೇಕು.

ಹಿರಿಯರಿಗೆ ಕಾಣಲಾರದ ಎಚ್ಚರಿಕೆ

ಹಿರಿಯರು ತಾವೇ ಹೇಳುವ ಎಚ್ಚರಿಕೆಗಳು ಬೇಗ ಕಾಣುವ ತೊಂದರೆಗಳವು. ಗೌರಿಹೂವಿನ ಗಡ್ಡೆಯನ್ನು ತಿನ್ನಬಾರದು, ಗುಲಗಂಜಿಯ ಬೀಜವನ್ನು ಜಜ್ಜಿ ಬಾಯಿಗೆ ಹಾಕಬಾರದು ಎಂಬುದು ಊರಿಗೆಲ್ಲ ಗೊತ್ತು, ಏಕೆಂದರೆ ತಿಂದವರು ಅಂದೇ ನರಳುತ್ತಾರೆ. ಹತ್ತು ವರ್ಷದ ಅನಂತರ ಕಾಣುವ ಹಾನಿಯನ್ನು ಅನುಭವದಿಂದ ಹಿಡಿಯುವುದು ಯಾವ ಸಮುದಾಯಕ್ಕೂ ಸಾಧ್ಯವಿಲ್ಲ. ಈಶ್ವರಿ ಬೇರು ಇದಕ್ಕೆ ಸ್ಪಷ್ಟ ನಿದರ್ಶನ. ಹಾವಿನ ನಂಜಿಗೂ ಹೊಟ್ಟೆನೋವಿಗೂ ಮಲೆನಾಡಿನಲ್ಲಿ ಹೆಸರಾದ ಈ ಬಳ್ಳಿಯ ಶಾಸ್ತ್ರೀಯ ನಾಮ ಅರಿಸ್ಟೊಲೋಕಿಯಾ ಇಂಡಿಕಾ. ಇದೇ ಕುಲದ ಗಿಡ ಬೆರೆತಿದ್ದ ತೂಕ ಇಳಿಸುವ ಮದ್ದನ್ನು ಸೇವಿಸಿದ ಬೆಲ್ಜಿಯಂನ ಮಹಿಳೆಯರಲ್ಲಿ ಮೂತ್ರಪಿಂಡಗಳು ಹಾಳಾದುದು 1993ರಲ್ಲಿ ವರದಿಯಾಯಿತು; ಅವರಲ್ಲಿ ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರೂ ಕಾಣಿಸಿತು. ಗಿಡದಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿದೆ.

ಈ ನಮೂದನ್ನು ಪುಸ್ತಕದಿಂದ ತೆಗೆದುಹಾಕುವುದು ಪರಿಹಾರವಲ್ಲ. ಬಳಕೆ ಇದ್ದದ್ದು ನಿಜ, ಮತ್ತು ಅದು ದಾಖಲಾಗಬೇಕು. ಎಚ್ಚರಿಕೆಯ ಅಂಕಣವನ್ನು ಎರಡಾಗಿ ಒಡೆದು, ಎಡಕ್ಕೆ ‘ಹೇಳಿದವರು ತಿಳಿಸಿದ ಎಚ್ಚರಿಕೆ’, ಬಲಕ್ಕೆ ‘ವೈದ್ಯರಿಂದ, ಗ್ರಂಥಗಳಿಂದ ತಿಳಿದ ಎಚ್ಚರಿಕೆ’ ಎಂದು ಬರೆದರೆ ಯಾರ ಮಾತೂ ಇನ್ನೊಬ್ಬರ ಬಾಯಿಗೆ ಹೋಗುವುದಿಲ್ಲ. ಈಶ್ವರಿ ಬೇರಿನ ಬಲಬದಿಯಲ್ಲಿ ಎರಡು ವಾಕ್ಯಗಳು ಕೆಂಪು ಶಾಯಿಯಲ್ಲಿರಬೇಕು: ಹೊಟ್ಟೆಗೆ ಕೊಡಬಾರದು, ಹಾವು ಕಚ್ಚಿದರೆ ಪ್ರತಿವಿಷವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು.

ಇಲ್ಲಿಯೂ ಗುರುತಿನ ಪ್ರಶ್ನೆ ಮರಳಿ ಬರುತ್ತದೆ. ಶರಬತ್ತಿಗೆ ಬಳಸುವ ಸೊಗದೆಬೇರೂ ತೆಳುವಾದ ಬಳ್ಳಿಯೇ, ಅದರದೂ ಬೇರೇ ಬಳಕೆಗೆ ಬರುವುದು. ಸೊಗದೆಯ ಎಲೆಗಳು ಎದುರುಬದುರಾಗಿದ್ದು, ಮುರಿದರೆ ಬಿಳಿ ಹಾಲು ಒಸರುತ್ತದೆ. ಬೇರಿಗೆ ಹಿತವಾದ ಪರಿಮಳ. ಈಶ್ವರಿಯ ಎಲೆಗಳು ಒಂದು ಬಿಟ್ಟು ಒಂದರಂತಿದ್ದು ಹಾಲಿಲ್ಲ. ಹೂವು ಕೊಳವೆಯಂತೆ, ಒಡೆದ ಕಾಯಿ ತೂಗುಬುಟ್ಟಿಯಂತೆ. ಬರೀ ಬೇರನ್ನು ತಂದು ತೋರಿಸಿದವರ ಮಾತಿನ ಮೇಲೆ ಈ ಎರಡರಲ್ಲಿ ಯಾವುದನ್ನೂ ನಮೂದಿಸಬಾರದು.

ಹೇಳುವವರ ಒಪ್ಪಿಗೆ

ಮನೆಮದ್ದು ಮತ್ತು ನಾಟಿಮದ್ದು ಒಂದೇ ಅಲ್ಲ. ಶುಂಠಿ ಕಷಾಯ, ಒಂದೆಲಗದ ತಂಬುಳಿ ಎಲ್ಲರ ಸೊತ್ತು. ಮನೆತನದಲ್ಲಿ ಉಳಿದುಬಂದ ನಾಟಿಮದ್ದನ್ನು ಹೊರಗೆ ಹೇಳಿದರೆ ಅದು ಫಲಿಸುವುದಿಲ್ಲವೆಂಬ ನಂಬಿಕೆ ಪ್ರಬಲವಾಗಿದೆ. ಹೇಳಲೊಪ್ಪದವರನ್ನು ಒತ್ತಾಯಿಸುವುದು ಸಲ್ಲದು. ‘ಕಾಮಾಲೆಗೆ ಮದ್ದು ಕೊಡುವವರು ಈ ಊರಿನಲ್ಲಿದ್ದಾರೆ, ಗಿಡ ತಿಳಿಸಿಲ್ಲ’ ಎಂದು ಬರೆದರೂ ಅದು ಪ್ರಾಮಾಣಿಕ ನಮೂದೇ. ಒಪ್ಪಿದವರ ಮುಂದೆ ಬರೆದದ್ದನ್ನು ಗಟ್ಟಿಯಾಗಿ ಓದಿ, ತಿದ್ದಿಸಿ, ಹೆಸರು ಹಾಕಬೇಕೇ ಬೇಡವೇ ಎಂದು ಕೇಳಿ ಸಹಿ ಅಥವಾ ಹೆಬ್ಬೆಟ್ಟು ಪಡೆಯಬೇಕು.

ಮದ್ದನ್ನು ಎಲ್ಲಿ ತಿಳಿದಿರಿ ಎಂಬ ಪ್ರಶ್ನೆಗೂ ಈಗ ಹೊಸ ಮಹತ್ವ ಬಂದಿದೆ. ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯು ಗ್ರಂಥಸ್ಥವಾದ ಪಾರಂಪರಿಕ ಜ್ಞಾನದ ಬಳಕೆದಾರರಿಗೆ ಲಾಭ ಹಂಚಿಕೆಯ ಬಾಧ್ಯತೆಯಿಂದ ವಿನಾಯಿತಿ ನೀಡಿದೆ. ಆದುದರಿಂದ ‘ಅತ್ತೆಯಿಂದ ಕಲಿತದ್ದು’, ‘ಪತ್ರಿಕೆಯಲ್ಲಿ ಓದಿದ್ದು’, ‘ಟೀವಿಯಲ್ಲಿ ಕೇಳಿದ್ದು’ ಎಂಬ ಉತ್ತರಗಳನ್ನು ಇದ್ದಂತೆಯೇ ಬರೆದುಕೊಳ್ಳಬೇಕು. ಅತ್ತೆಯಿಂದ ಕಲಿತದ್ದಾದರೆ ಅತ್ತೆಯ ತವರೂರು ಯಾವುದೆಂದೂ ಕೇಳಬೇಕು. ಸೊರಬದ ಮನೆಯ ನೆಲನೆಲ್ಲಿ ಹಾನಗಲ್ಲಿನಿಂದಲೋ ಸಿರಸಿಯಿಂದಲೋ ಮದುವೆಯೊಡನೆ ಬಂದಿರುವುದು ಸಾಧ್ಯ, ಮತ್ತು ಆಗ ಮಜ್ಜಿಗೆಯ ಬದಲು ಹಾಲು ಏಕೆ ಎಂಬ ಪಕ್ಕದ ಮನೆಯ ಭಿನ್ನತೆಗೆ ವಿವರಣೆ ಅಲ್ಲಿಯೇ ದೊರಕೀತು.